ಬೆಲುಮಾ ಎಂಬ ಹೆಸರು

ರಕ್ತದೊತ್ತಡದ ಹೊಸ ಮಾತ್ರೆಗೆ ಹೆಸರು ಹುಡುಕುವುದು ತನುಜಾಳ ಕೆಲಸ. ಮೊದಲ ಹೆಸರು ಸಕ್ಕರೆ ಕಾಯಿಲೆಯ ಮಾತ್ರೆಯಂತೆ ಕೇಳಿಸುತ್ತದೆಂದು ಬಿದ್ದುಹೋಗಿತ್ತು. ಹೊಸ ಹೆಸರನ್ನು ಒರೆಗೆ ಹಚ್ಚಲು ಕಳಸದ ಮೆಡಿಕಲ್ ಶಾಪಿಗೆ ಬಂದಳು. ಅಂಗಡಿಯ ಬಸವಪ್ರಸಾದ್ 'ಬೆಲುಮಾ'ವನ್ನು ಡಾಕ್ಟರರ ಗೀಚು ಬರಹದಲ್ಲೂ ಓದಿದರು, ಗದ್ದಲದ ಫೋನಿನಲ್ಲೂ ಸರಿಯಾಗಿ ಕೇಳಿಸಿಕೊಂಡರು. ಅದನ್ನು ಕೇಳಿ ಅವರಿಗೆ ಬೇರೆ ಯಾವ ಮಾತ್ರೆಯೂ ನೆನಪಾಗಲಿಲ್ಲ.

"ಆದ್ರೆ ಇಲ್ಲಿ ಯಾರೂ ಹೆಸರು ಹೇಳಲ್ಲಮ್ಮ, ಬಣ್ಣ ಹೇಳ್ತಾರೆ."

"ಹೇಳುವಂಥ ಹೆಸರು ಯಾರೂ ಇಟ್ಟಿಲ್ಲ, ಅದಕ್ಕೇ," ಎಂದು ತನುಜಾ ಬೀಗಿದಳು.

ಅಷ್ಟರಲ್ಲಿ ಚಿಕ್ಕಮಗಳೂರಿನ ಬಸ್ಸು ಹಾರ್ನ್ ಹೊಡೆಯಿತು. ಘಾಟಿಯ ತಿರುವುಗಳು ನೆನಪಾಗಿ ಅವಳು ಪರ್ಸ್ ತೆರೆದಳು.

"ವಾಂತಿ ಮಾತ್ರೆ ಕೊಡಿ. ಬರುವಾಗ ತಗೊಂಡಿದ್ದೆ, ಅದೇ."

"ಯಾವುದು?"

ತನುಜಾ ಹೆಸರಿಗಾಗಿ ತಡಕಾಡಿದಳು. "ಅದೇ, ಹಸಿರು ಸ್ಟ್ರಿಪ್ಪಿಂದು."

"ಹಸಿರಲ್ಲಿ ಎರಡಿವೆಯಲ್ಲಮ್ಮ," ಎಂದರು ಬಸವಪ್ರಸಾದ್.