ಶುಕ್ರವಾರ ಅಂದರೆ ಶುಕ್ರವಾರವೇ

ಪ್ರೊಫೆಸರಿಗೆ ಪುಟ್ಟದೊಂದು ಮೇಲ್ ಬರೆಯಲು ಅವಳಿಗೆ ಇಡೀ ಸಂಜೆ ಹಿಡಿದಿತ್ತು. ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಪಾಠ ಹೇಳಿದವರೊಬ್ಬರ ಶಿಫಾರಸು ಪತ್ರ ಬಾರದಿದ್ದರೆ ಆ ಅರ್ಜಿಯನ್ನು ಯಾರೂ ತೆರೆದೂ ನೋಡುತ್ತಿರಲಿಲ್ಲ.

ಅವಳು ಬರೆದು ಅಳಿಸುವುದನ್ನು ನೋಡಿ ನೋಡಿ ಅಕ್ಕನಿಗೆ ಸಾಕಾಯಿತು. "ಪ್ರೇಮಪತ್ರ ಬರೀತಿದ್ದೀಯೇನೇ? ನೀನು ಯಾರು, ಕೆಲಸ ಯಾವುದು, ಅವರು ಏನೇನು ಹೇಳ್ಬೇಕು, ಯಾವಾಗ ಬೇಕು. ಮುಗೀತಲ್ಲ!"

ಸರಿ, ಹಾಗೇ ಬರೆದಳು. ಎಂಎಸ್ಸಿಯಲ್ಲಿ ಪ್ರೊಫೆಸರ ಕೈಕೆಳಗೆ ಮಾಡಿದ ಕೆರೆ ನೀರಿನ ಪ್ರಾಜೆಕ್ಟು, ನೀರು ಪರೀಕ್ಷಿಸುವ ಮೀಟರುಗಳನ್ನು ತಾನೇ ಸರಿಹೊಂದಿಸುತ್ತಿದ್ದದ್ದು, ಕಿರಿಯರಿಗೆ ಕಲಿಸಿದ್ದು. ಕೆಲಸದ ವಿವರ, ಬಯೋಡೇಟಾ ಲಗತ್ತಿಸಿದಳು. ಪತ್ರ ಹಾಕಲು ಪ್ರಯೋಗಾಲಯದವರೇ ನಿಮಗೊಂದು ಲಿಂಕ್ ಕಳಿಸುತ್ತಾರೆ, ಶುಕ್ರವಾರ ಸಂಜೆ ಐದಕ್ಕೆ ಅದು ಮುಚ್ಚಿಹೋಗುತ್ತದೆ ಎಂದು ಸೇರಿಸಿದಳು.

"ಬುಧವಾರ ಅಂತ ಹಾಕೇ, ಪೆದ್ದಿ. ಎಲ್ಲರೂ ಹಾಗೇ ಮಾಡೋದು."

"ಸುಳ್ಳಾಗಲ್ವೇನೇ?"

"ಸುಳ್ಳಲ್ಲ, ಮುಂಜಾಗ್ರತೆ!"

ಅವಳು ಶುಕ್ರವಾರವನ್ನೇ ಉಳಿಸಿಕೊಂಡಳು.

'ಖಂಡಿತ ಬರೆಯುತ್ತೇನೆ' ಎಂಬ ಉತ್ತರ ಅಂದೇ ಬಂತು. ಆಮೇಲೆ ಸದ್ದಿಲ್ಲ. ಬರೆಯುತ್ತಿರುವವರ ಮೌನ ಒಂದು ಥರ, ಮರೆತವರದ್ದು ಇನ್ನೊಂದು ಥರ. ಇದು ಯಾವುದೆಂದು ಯೋಚಿಸುತ್ತ ವಾರ ಕಳೆದಳೇ ಹೊರತು ನೆನಪಿಸಲು ಬಾಯಿ ಬರಲಿಲ್ಲ. ಶುಕ್ರವಾರ ಮಧ್ಯಾಹ್ನವೂ ಅರ್ಜಿಯ ಪುಟದಲ್ಲಿ 'ಪತ್ರ ಬಂದಿಲ್ಲ' ಎಂದೇ ಇತ್ತು.

"ನೀನು ಹೋಗ್ತೀಯೋ, ನಾನೇ ಹೋಗಿ ಕೇಳ್ಲೋ?" ಎಂದಳು ಅಕ್ಕ. ಅದಕ್ಕಿಂತ ದೊಡ್ಡ ಬೆದರಿಕೆ ಬೇಕಿರಲಿಲ್ಲ.

ಪ್ರೊಫೆಸರು ತಮ್ಮ ಕೋಣೆಯಲ್ಲಿ ಆರಾಮಾಗಿ ಕಿತ್ತಳೆ ಸುಲಿಯುತ್ತಿದ್ದರು. "ಬಾಮ್ಮ! ನಿನ್ನ ಪತ್ರ ಸೋಮವಾರ ಶುರು ಮಾಡೋಣ ಅಂತಿದ್ದೆ."

"ಸರ್, ಇವತ್ತು ಐದಕ್ಕೆ ಕೊನೆ."

"ಅದು ನೀನು ನನಗೆ ಹೇಳಿದ ದಿನ. ನಿಜವಾದ ದಿನ ಯಾವುದು?"

"ಅದೇ ಸರ್."

ಕಿತ್ತಳೆ ಕೈಯಲ್ಲೇ ಉಳಿಯಿತು. "ನಿಜವಾದ ದಿನ ಯಾರಮ್ಮ ಹೇಳ್ತಾರೆ! ಎಲ್ಲರೂ ಒಂದು ವಾರ ಕಳೆದು ಹೇಳ್ತಾರೆ, ನಾನು ಒಂದು ವಾರ ಕೂಡಿಸ್ಕೊಳ್ತೀನಿ. ಇಷ್ಟು ವರ್ಷ ಹೀಗೇ ಸಂಸಾರ ನಡೆದಿದೆ!" ಕೈ ಒರೆಸಿಕೊಂಡು ಅವಳ ಮೇಲ್ ತೆರೆದರು. "ಎಲ್ಲಾ ಬರೆದಿದ್ದೀಯ, ಬಚಾವಾದೆ. ಹೊರಗೆ ಕೂತ್ಕೋ. ಇದು ಗೋಪ್ಯ."

ಬಾಗಿಲು ಮುಚ್ಚಿತು. ಆದರೆ ಟೈಪು ಮಾಡುವುದನ್ನೆಲ್ಲ ಗಟ್ಟಿಯಾಗಿ ಓದಿಕೊಳ್ಳುವ ಅವರ ಅಭ್ಯಾಸ ಇಡೀ ವಿಭಾಗಕ್ಕೇ ಗೊತ್ತಿತ್ತು, ಅವರೊಬ್ಬರನ್ನು ಬಿಟ್ಟು.

"...ಕೆರೆ ನೀರಿನ ಪ್ರಾಜೆಕ್ಟು... ಹ್ಞಾಂ. ಈಕೆ ಒಂದು ಅಂಕಿ ಕೊಟ್ಟರೆ ಅದಕ್ಕೆ ಕೂಡಿಸುವುದೂ ಬೇಡ, ಕಳೆಯುವುದೂ ಬೇಡ. ನಾನು ಕೂಡಿಸಿ ಕೆಟ್ಟೆ... ಅಲ್ಲಲ್ಲ, ಈ ಕೊನೇ ಮಾತು ಬೇಡ."

ಅಳಿಸುವ ಟಪಟಪ ಸದ್ದು. ಬೆಂಚಿನ ಮೇಲೆ ಅವಳು ಬಾಯಿಗೆ ಕೈ ಅಡ್ಡ ಹಿಡಿದು ಕೂತಳು. ಐದಕ್ಕೆ ಇನ್ನೇನು ಸ್ವಲ್ಪ ಇದೆ ಎನ್ನುವಾಗ ಮೊಬೈಲು ಗುನುಗಿತು: ಪತ್ರ ತಲುಪಿದೆ.

ಪ್ರೊಫೆಸರು ಒಂದು ಕೈಯಲ್ಲಿ ಕಿತ್ತಳೆ ಹಿಡಿದು ಬೆವರೊರೆಸುತ್ತ ಹೊರಬಂದರು. "ಮುಂದಿನ ಸಲ ನೀನೂ ಒಂದು ವಾರ ಕಳೆದೇ ಹೇಳಮ್ಮ. ನನ್ನ ಜೀವ ಉಳಿಯುತ್ತೆ."

"ಹಾಗೆ ಹೇಳಿದ್ರೆ ಪತ್ರದಲ್ಲಿ ಆ ಕೂಡಿಸೋದೂ ಬೇಡ, ಕಳೆಯೋದೂ ಬೇಡ ಅನ್ನೋ ಮಾತು ಇರ್ತಿತ್ತಾ ಸರ್?"

ಅವರು ಬಾಗಿಲನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಆಮೇಲೆ ಅರ್ಧ ಕಿತ್ತಳೆ ಮುರಿದು ಅವಳ ಕೈಗಿಟ್ಟರು.