ಹಳೇ ಮಾತ್ರೆ ಬೇಡ

ವಾರ್ಡಿನಲ್ಲಿ ಹದಿನೆಂಟು ವರ್ಷ ಸವೆಸಿದ ದೊಡ್ಡ ಸಿಸ್ಟರ್‌ಗೆ ಮೊನ್ನೆ ಮೊನ್ನೆ ಬಂದ ನರ್ಸ್ ಹುಡುಗಿಯನ್ನು ಕಂಡರೆ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ಡಾಕ್ಟರ ಇಂಗ್ಲಿಷ್ ಡಿಸ್ಚಾರ್ಜ್ ಸಮರಿಯನ್ನು ಅವಳು ಆಡುಮಾತಿನ ಕನ್ನಡದಲ್ಲಿ ಚೀಟಿ ಬರೆದುಕೊಡುತ್ತಿದ್ದಳು. ಜನ ಬಂದು ಕೇಳುತ್ತಿದ್ದುದು ಒಂದೇ: "ಚೀಟಿ ಬರೆಯೋ ಸಿಸ್ಟರ್ ಎಲ್ಲಿ?"

ಅಂದು ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ದಾಖಲಾಗಿದ್ದ ಮೇಷ್ಟ್ರು ಮನೆಗೆ ಹೊರಟಿದ್ದರು. ಹುಡುಗಿ ಅವರ ಹೆಂಡತಿಗೆ ಓದಿ ಹೇಳುತ್ತಿದ್ದಳು: "ರಕ್ತ ಹೆಪ್ಪುಗಟ್ಟದ ಹಾಗೆ ನೋಡ್ಕೊಳ್ಳೋ ಮಾತ್ರೆ, ಬೆಳಿಗ್ಗೆ ಎಂಟಕ್ಕೊಂದು, ರಾತ್ರಿ ಎಂಟಕ್ಕೊಂದು. ವಸಡಲ್ಲಿ ರಕ್ತ ನಿಲ್ಲದಿದ್ರೆ, ಮಲ ಕಪ್ಪಗಾದ್ರೆ, ತಲೆಗೆ ಪೆಟ್ಟು ಬಿದ್ರೆ, ಉಸಿರು ಕಟ್ಟಿದ್ರೆ ಕೂಡ್ಲೇ ಬನ್ನಿ. ನೋವಿನ ಮಾತ್ರೆ ನೀವಾಗಿ ಕೊಡ್ಬೇಡಿ."

"ನೀನು ನನ್ನ ಹೊಟ್ಟೇಲಿ ಹುಟ್ಬೇಕಿತ್ತು ಕಣಮ್ಮ," ಎಂದು ಆಕೆ ಹುಡುಗಿಯ ಗಲ್ಲ ಸವರಿದರು. ದೊಡ್ಡ ಸಿಸ್ಟರ್ ಫೈಲನ್ನು ಟಪ್ಪೆಂದು ಮುಚ್ಚಿದಳು. ಹದಿನೆಂಟು ವರ್ಷದಲ್ಲಿ ತನ್ನ ಗಲ್ಲವನ್ನು ಯಾರು ಸವರಿದ್ದರು?

ಲಿಫ್ಟಿನ ಬಳಿ ಆಕೆ ಗಂಡನಿಗೆ ಹೇಳುತ್ತಿದ್ದುದು ದೊಡ್ಡ ಸಿಸ್ಟರ್ ಕಿವಿಗೆ ಬಿತ್ತು: "ಊರಿನ ಡಾಕ್ಟ್ರು ಕೊಟ್ಟಿದ್ದೂ ಇದೆಯಲ್ಲ, ಅದ್ರ ಜೊತೆಗೇ ಇದನ್ನೂ ಕೊಡ್ತೀನಿ." ಆಕೆಯ ಕೈಯಲ್ಲಿದ್ದ ಹಳೆಯ ಮಾತ್ರೆ ಪಟ್ಟಿಯನ್ನು ಅವಳು ದೂರದಿಂದಲೇ ಗುರುತಿಸಿದಳು. ಕಂಪನಿ ಬೇರೆ, ಹೆಸರು ಬೇರೆ, ಒಳಗಿನ ಔಷಧ ಒಂದೇ. ಎರಡೂ ಕೊಟ್ಟರೆ ಡೋಸ್ ಇಮ್ಮಡಿ. ರಕ್ತ ಸೋರಲು ಶುರುವಾದರೆ ನಿಲ್ಲುವುದು ಕಷ್ಟ. ಚೀಟಿಯಲ್ಲಿ ಅದರ ಮಾತೇ ಇರಲಿಲ್ಲ.

ಲಿಫ್ಟ್ ಬಂತು, ಗಂಡ ಹೆಂಡತಿ ಒಳಗೆ ಹೋದರು. ಹೋಗಲಿ, ಮೆರೆಯುವವಳ ಬಂಡವಾಳ ಬಯಲಾಗಲಿ ಎಂದಿತು ಮನಸ್ಸು. ಅಷ್ಟರಲ್ಲಿ ಮೇಷ್ಟ್ರು ದೊಡ್ಡ ಸಿಸ್ಟರನ್ನು ಕಂಡು ಕೈಮುಗಿದರು. ನಾಚಿಕೆ ಅವಳನ್ನು ಮುಂದಕ್ಕೆ ತಳ್ಳಿತು.

"ಲಿಫ್ಟ್ ಹಿಡೀರಿ! ಅಮ್ಮಾ, ಇಳೀರಿ."

ವಾರ್ಡಿಗೆ ವಾಪಸ್ ಬಂದ ಮೇಲೆ ಡ್ಯೂಟಿ ಡಾಕ್ಟರು ಎರಡು ಪಟ್ಟಿಗಳನ್ನೂ ನೋಡಿ ಹಳೆಯದನ್ನು ನಿಲ್ಲಿಸಿ ಎಂದರು. ದೊಡ್ಡ ಸಿಸ್ಟರ್ ಪೆನ್ನು ಹಿಡಿದು ಗಂಭೀರವಾಗಿ ಬರೆದಳು: "ಹಿಂದಿನ ಔಷಧವನ್ನು ಸ್ಥಗಿತಗೊಳಿಸತಕ್ಕದ್ದು."

ಮೇಷ್ಟ್ರ ಹೆಂಡತಿ ಅಕ್ಷರ ಕೂಡಿಸಿ ಓದಿದರು. "ಅಂದ್ರೆ... ಸ್ವಲ್ಪ ಹೊತ್ತು ಬಿಟ್ಟು ಕೊಡ್ಬೇಕಾ ತಾಯಿ?"

ದೊಡ್ಡ ಸಿಸ್ಟರ್ ಕಿವಿ ಬಿಸಿಯಾಯಿತು. ಹುಡುಗಿ ಪಕ್ಕದಲ್ಲಿ ಬಿಳಿಚಿಕೊಂಡು ನಿಂತಿದ್ದಳು. ದೊಡ್ಡ ಸಿಸ್ಟರ್ ಸಾಲನ್ನು ಹೊಡೆದುಹಾಕಿ ಕೆಳಗೆ ದಪ್ಪಕ್ಷರದಲ್ಲಿ ಬರೆದಳು: "ಹಳೇ ಮಾತ್ರೆ ಬೇಡ. ಎರಡೂ ಒಂದೇ. ಹೊಸದು ಮಾತ್ರ ಕೊಡಿ."

"ಹಾಗನ್ನಿ ಮತ್ತೆ!" ಎಂದು ಆಕೆ ನಕ್ಕು, ಹಳೆಯ ಪಟ್ಟಿಯನ್ನು ಅವಳ ಕೈಗೇ ಒಪ್ಪಿಸಿದರು. ಹೊರಡುವಾಗ ಮತ್ತೆ ಸವರಿದ್ದು ಮಾತ್ರ ಹುಡುಗಿಯ ಗಲ್ಲವನ್ನೇ.

"ಅಕ್ಕ, ಮನೇಲಿ ಏನೇನು ಮಾತ್ರೆ ಇದೆ ಅಂತ ನಾನು ಕೇಳ್ಲೇ ಇಲ್ಲ," ಎಂದಳು ಹುಡುಗಿ, ಕಣ್ಣು ತುಂಬಿಕೊಂಡು.

ಹೊಟ್ಟೆಯ ಉರಿ ಇನ್ನೂ ಆರಿರಲಿಲ್ಲ. ಆದರೂ ದೊಡ್ಡ ಸಿಸ್ಟರ್ ಕುರ್ಚಿ ಎಳೆದು ಅವಳ ಪಕ್ಕದಲ್ಲೇ ಕೂತಳು. "ಮುಂದಿನ ಚೀಟಿ ತಗೊ. ಮೊದಲು ಅದನ್ನೇ ಕೇಳು. ಬರೆಯೋದು ನೀನು, ನೋಡೋದು ನಾನು."