ಎಲ್ಲರೂ ಡಾರ್ಲಿಂಗ್ ಆದಾಗ

ಮಧ್ಯಾಹ್ನ ಮೂರು ದಾಟಿದರೆ ನನ್ನ ಖಾನಾವಳಿ ಖಾಲಿ. ಆವತ್ತು ಮೂಲೆಯ ಮೇಜಿಗೆ ನೀಲಿಮಾ ಒಬ್ಬಳೇ ಕೂತಿದ್ದಳು. ತಟ್ಟೆಯಲ್ಲಿ ಎಣ್ಣೆಗಾಯಿ ಆರುತ್ತಿತ್ತು, ಎದುರಿಗೆ ಕಾಗದಗಳು ಹರಡಿದ್ದವು.

ನೀಲಿಮಾ ವಿಜಯಪುರದ ಹುಡುಗಿ, ಈ ಮರಾಠಿ ಊರಿನಲ್ಲಿ ನನ್ನ ಮಹಡಿಯ ಕೋಣೆಯಲ್ಲಿ ಎರಡು ವರ್ಷದಿಂದ ಇದ್ದಾಳೆ. ವಿಮಾನ ನಗರದ ಒಂದು ಆಫೀಸಿನಲ್ಲಿ ಕೂತು ತುರ್ಕಿ ದೇಶದ ಗಿರಾಕಿಗಳ ಫೋನಿಗೆ ಉತ್ತರ ಕೊಡುತ್ತಾಳೆ. ಉರ್ದು ಅವಳಿಗೆ ಓಣಿಯಲ್ಲೇ ಬಂತು, ಫಾರಸಿ ಕಾಲೇಜಿನಲ್ಲಿ, ತುರ್ಕಿ ಈ ಕೆಲಸಕ್ಕಾಗಿ. ಆಫೀಸಿನ ಕೆಲಸ ಅವಳಿಗೆ ಹಿಡಿಸಿಲ್ಲ. ಮೂರೂ ಭಾಷೆಯ ಪ್ರೇಮಪದ್ಯ ಹಾಡುವ ಭಾಮಾತಾಯಿ ಎಂಬ ಗಾಯಕಿ, ಶನಿವಾರದ ಸಂಗೀತ ಕಛೇರಿಗೆ ಪರದೆಯ ಮೇಲೆ ತೋರಿಸುವ ಇಂಗ್ಲಿಷ್ ಅನುವಾದದ ಸಾಲು ಬರೆದುಕೊಡು ಅಂದಿದ್ದರು. ಚೆನ್ನಾಗಿ ಬಂದರೆ ವರ್ಷದ ಎಲ್ಲ ಕಛೇರಿಗಳ ಕೆಲಸವೂ ಇವಳಿಗೇ. ಆಫೀಸು ಬಿಡಬಹುದು.

"ಊಟ ಆರಾಕತ್ತದ ನೋಡು," ಅಂದೆ.

"ಭಾಮಾತಾಯಿ ಎಲ್ಲಾ ವಾಪಸ್ ಕಳಿಸ್ಯಾರ್ರಿ ಮೌಶಿ. ಮೂರೂ ಭಾಷಾ ಒಂದಽ ಥರ ಕೇಳಸ್ತಾವಂತ. ನಾಳೆ ಸಂಜಿಕ ಸರಿ ಮಾಡಿ ಕೊಡದಿದ್ರ ಬ್ಯಾರೆಯವರನ್ನ ನೋಡತಾರಂತ."

"ಏನ್ ಬರ್ದೀ, ಓದು."

ಓದಿದಳು. ನನಗೆ ಇಂಗ್ಲಿಷ್ ಬರುವುದು ಬಿಲ್ಲು ಓದುವಷ್ಟು. ಆದರೂ ಒಂದು ಮಾತು ಕಿವಿಗೆ ಬಿತ್ತು. ಮೊದಲ ಹಾಡಿಗೆ ಡಾರ್ಲಿಂಗ್, ಎರಡನೆಯದಕ್ಕೆ ಡಾರ್ಲಿಂಗ್, ಮೂರನೆಯದಕ್ಕೂ ಡಾರ್ಲಿಂಗ್.

"ಅಲ್ಲವ್ವಾ, ಮೂರು ಮನಿಗೂ ಒಂದಽ ಸಾರು ಬಡಸೀಯಲ್ಲ!"

ಅವಳಿಗೆ ನಗುವೂ ಬಂತು, ಅಳುವೂ ಬಂತು. ನಾನು ಅವಳ ಎದುರಿಗೆ ಕೂತೆ. "ಮೂಲದಾಗ ಏನೇನ ಅಂತ ಕರಿತಾರ, ಅದನ್ನ ಹೇಳು."

ಫಾರಸಿಯಿಂದ ಶುರುಮಾಡಿದಳು. ಅಲ್ಲಿ 'ಜಾನಾ' ಅಂದರೆ ಓ ಜೀವವೇ. 'ಬೋತ್' ಅಂದರೆ ವಿಗ್ರಹ. ದೋಸ್ತ್ ಅಂತಲೂ ಕರೆಯುತ್ತಾರೆ. ರಾಜನಿಗೂ ದೇವರಿಗೂ ನಲ್ಲೆಗೂ ಅದೇ ಸಲುಗೆಯ 'ತೋ', ನೀನು. ಆ ಭಾಷೆಯಲ್ಲಿ ಅವನು ಅವಳು ಎಂಬ ಭೇದವಿಲ್ಲ, ಹಾಗಾಗಿ ಹಾಡು ಯಾರಿಗೆ ಎಂದು ಕವಿ ಬಿಟ್ಟುಕೊಡುವುದೇ ಇಲ್ಲ. ಅವಳ ಮುಂದಿದ್ದ ಸಾಲಿನ ಅರ್ಥ ಇಷ್ಟು: "ಓ ಜೀವವೇ, ನೀನು ಹಾದುಹೋದ ಓಣಿಗೆ ಆಮೇಲೆ ದೀಪ ಬೇಕಾಗಲಿಲ್ಲ."

"ಇದಕ್ಕ ನೀ ಏನ್ ಬರ್ದೀ?"

"ನನ್ನ ಡಾರ್ಲಿಂಗ್ ಹೋದಳು, ಅವಳ ಓಣಿ ಬೆಳಗಿತು ಅಂತ. ಇಂಗ್ಲಿಷಿನ್ಯಾಗ ಶೀ ಅಂತ ಹಾಕಿದ್ರ ಓದೋರಿಗೆ ಸಲೀಸ ಅಂತ..."

"ನನ್ನ ಗಂಡನ ಹೆಸರ ನಾ ಎಷ್ಟ ಸಲ ಹೇಳೀನಿ ಗೊತ್ತದ ಏನು? ಮದುವ್ಯಾಗ ಒಡಪು ಹಾಕಿ ಒಂದ್ಸಲ, ಸೀಮಂತದಾಗ ಒಂದ್ಸಲ. ಮನ್ಯಾಗ ಬರೇ 'ರೀ'. ಹಂಗಂತ ಪ್ರೀತಿ ಕಡಿಮಿ ಇತ್ತೇನು? ಮುಚ್ಚಿಟ್ಟದ್ದಕ್ಕಽ ರುಚಿ. ಕವಿ ಮುಚ್ಚಿಟ್ಟದ್ದನ್ನ ನೀ ಯಾಕ ಸೆರಗ ಸರಿಸಿ ತೋರಸ್ತೀ?"

ನೀಲಿಮಾ 'ಶೀ' ಹೊಡೆದುಹಾಕಿ 'ಯು' ಬರೆದಳು. ಇಂಗ್ಲಿಷಿನ 'ಯು' ಗಂಡೂ ಅಲ್ಲ ಹೆಣ್ಣೂ ಅಲ್ಲ, ದೇವರಿಗೂ ಆಗುತ್ತದೆ. "ಮೌಶಿ, ಅವನು ಅವಳು ಅನ್ನೋ ಗೊಡವಿನಽ ಬ್ಯಾಡ. ಎಲ್ಲಾ ಎದುರಿಗೆ ನಿಂತಽ ಹೇಳಿದಂಗ ಬರಿತೀನಿ. ಉರ್ದುಕೂ ಇದಽ ಉಪಾಯ. ಅಲ್ಲಿ ಮನಸ್ಸಿನ್ಯಾಗ ಇರೋದು ಹೆಣ್ಣಾದ್ರೂ ಕವಿ ಗಂಡಸಿನಂಗ 'ಬಂದನು' ಅಂತಾನ, ಅದು ಆ ಕಡೆ ರಿವಾಜು."

ತುರ್ಕಿಯ ಸಾಲು ಹೀಗಿತ್ತು: "ನನ್ನ ಸುಲ್ತಾನ, ನಿನ್ನ ಅಂಗಳಕ್ಕೆ ಬಂದಿದ್ದೇನೆ, ಕೈಗೊಂದು ಪೊರಕೆಯಾದರೂ ಕೊಡು." ನಲ್ಲೆ ಹೆಣ್ಣಾದರೂ ಅಲ್ಲಿ ಅವಳೇ ಸುಲ್ತಾನ, ಅವಳೇ ಒಡೆಯ. ಕರೆಯುವ ಮಾತಿನ ಬಾಲಕ್ಕೆ 'ನನ್ನ' ಎಂಬುದು ಅಂಟಿಕೊಂಡಿರುತ್ತದೆ: ಸುಲ್ತಾನಿಮ್, ಎಫೆಂದಿಮ್, ಜಾನಿಮ್.

"ಎಫೆಂದಿಮ್ ಅಂದ್ರ ನನ್ನೊಡೆಯ. ನಮ್ಮ ಗಿರಾಕಿಗೋಳು ಫೋನ್ ಎತ್ತಿದ ಕೂಡಲೇ ಅದನ್ನಽ ಅಂತಾರ. ಬಾಯಿಗೆ ಅಷ್ಟು ಸಲೀಸು," ಅಂದಳು ನೀಲಿಮಾ.

"ಹಂಗಿದ್ರ ಎತ್ತರಕ್ಕ ಕೂಡಸತಾರ, ಕೂಡಿಸಿ ನಂದಽ ಅಂತಾರ. ಎರಡೂ ಉಳೀಬೇಕು."

"ಮೈ ಸುಲ್ತಾನ್," ಅಂದುಕೊಂಡಳು. "ಡಾರ್ಲಿಂಗದಾಗ ಸಲಿಗಿ ಸಿಗತದ, ಎತ್ತರ ಸಿಗಂಗಿಲ್ಲ. ಬರೇ ಸುಲ್ತಾನ್ ಅಂದ್ರ ಎತ್ತರ ಸಿಗತದ, ಸಲಿಗಿ ಸಿಗಂಗಿಲ್ಲ." ಅದನ್ನೇ ಬರೆದಳು. ಪೊರಕೆಯನ್ನೂ ಬಿಡಲಿಲ್ಲ. ಮೊದಲು ಅಸಹ್ಯವಾದೀತೆಂದು ಗುಲಾಬಿ ಮಾಡಿದ್ದಳಂತೆ!

ತೊಡಕಾದದ್ದು ಉರ್ದುವಿನದು. ಒಂದು ಗಜಲ್ ಪೂರ್ತಿ 'ತುಮ್' ಅಂತ ಸ್ನೇಹದಲ್ಲಿತ್ತು, ಅದು ಸುಲಭವಾಗಿ ಬಂತು. ಇನ್ನೊಂದು ಪೂರ್ತಿ 'ಆಪ್', ಮರ್ಯಾದೆಯ 'ತಾವು'. ಅದರಲ್ಲಿ ನಲ್ಲೆಯನ್ನು ಕಟುಕ, ಕೊಲೆಗಾರ ಎಂದು ಹಾಡುತ್ತಾರೆ. ಬೈಗುಳ ಅಲ್ಲಿ ಹೊಗಳಿಕೆ. ಕೊಲ್ಲುವಷ್ಟು ಚೆಲುವು ಎಂದರ್ಥ. ಇಂಗ್ಲಿಷಿನಲ್ಲಿ ತುಮ್‌ಗೂ ಯು, ಆಪ್‌ಗೂ ಯು. ಹಳೆಯ ಇಂಗ್ಲಿಷಿನ 'ದೌ' ಹಾಕಿದರೆ ಚರ್ಚಿನ ಪ್ರಾರ್ಥನೆಯಾಗುತ್ತದೆ. ನನಗೂ ದಾರಿ ಕಾಣಲಿಲ್ಲ.

ಅಷ್ಟರಲ್ಲಿ ಹಿಂಬಾಗಿಲಿನಿಂದ ಮಾಂತು ಬಂದ. ನನ್ನಲ್ಲಿ ರೊಟ್ಟಿ ಬಡಿಯುವ ರೇಣುವಿನ ಗಂಡ, ಸಂತೆಯ ಕೆಲಸ ಅವನದೇ. ಹನ್ನೊಂದಕ್ಕೆ ಮೆಂತೆಪಲ್ಲೆ ತರಲು ಹೋದವನು ಮೂರೂವರೆಗೆ ಬರಿಗೈಯಲ್ಲಿ ಬಂದಿದ್ದ. ರೇಣು ದಿನಾ ಅವನನ್ನು "ಏ, ಕೇಳ್ರಿಲ್ಲೆ" ಎಂದು ಕರೆಯುವವಳು. ಈಗ ಬಡಿಯುತ್ತಿದ್ದ ರೊಟ್ಟಿ ಬಿಟ್ಟು, ಸೆರಗು ಸರಿಮಾಡಿಕೊಂಡು, ಎರಡೂ ಕೈ ಜೋಡಿಸಿದಳು.

"ಬರ್ರಿ ಸಾಹೇಬ್ರ, ಬರ್ರಿ! ಊರ ಮಂದಿನ್ನೆಲ್ಲಾ ಮಾತಾಡಿಸಿ ಮುಗೀತೇನ್ರಿ? ಬಡವರ ಅಡಗಿಮನಿ ನೆನಪಾತಲ್ಲ, ನಮ್ಮ ಪುಣ್ಯರಿ. ಕುರ್ಚಿ ತರಸ್ಲೇನ್ರಿ?"

ಮಾಂತು ಕಿವಿಯವರೆಗೆ ಕೆಂಪಾದ. "ಬೈದ್ರ ಬೈ ಮಾರಾಯ್ತಿ, ಹಿಂಗ ಮರ್ಯಾದಿ ಕೊಡಬ್ಯಾಡ!"

ನೀಲಿಮಾ ಎದ್ದು ನಿಂತಳು. "ಮೌಶಿ! ಇದಽ ಆಪ್!"

"ಏನು?"

"ಮರ್ಯಾದಿಯಿಂದಽ ಚುಚ್ಚೋದು. ಯು ಒಂದಽ ಇದ್ರೇನು, ಅದರ ಸುತ್ತ ಮಾತಿನ್ಯಾಗ ಕೈ ಮುಗೀಬಹುದಲ್ಲ!"

ಕೂತು ಬರೆದೇಬಿಟ್ಟಳು. ಮೊದಲಿದ್ದದ್ದು "ಡಾರ್ಲಿಂಗ್, ಬೇಗ ಬಾ, ಕಾಯುತ್ತಿದ್ದೇನೆ." ಈಗ ಆಫೀಸಿನ ಪತ್ರದಂತೆ ಬಲು ವಿನಯದ ಇಂಗ್ಲಿಷ್. ವುಡ್ ಯು ಬಿ ಸೋ ಕೈಂಡ್ ಎಂದು ಶುರುವಾಗುತ್ತಿತ್ತು. ಅರ್ಥ ಹೀಗೆ: "ತಾವು ಬೇರೆಯವರನ್ನು ಕೊಂದು ಮುಗಿಸಿದ್ದರೆ, ದಯವಿಟ್ಟು ಇತ್ತ ಕಡೆಯೂ ಬರೋಣವಾಗಲಿ; ನಾವೂ ಸರದಿಯಲ್ಲಿ ನಿಂತಿದ್ದೇವೆ." ರೇಣುವಿಗೆ ಕನ್ನಡದಲ್ಲಿ ಓದಿ ಹೇಳಿದಾಗ ಅವಳು, "ಯಾರವ್ವಾ ಈ ಕವಿ? ಅವನ ಹೇಣ್ತಿ ಭಾಳ ಕಾಡಿಸ್ಯಾಳ," ಅಂದಳು.

ಮರುದಿನ ಸಂಜೆ ಸಾಲುಗಳನ್ನು ಓದಿದ ಭಾಮಾತಾಯಿ ಫೋನು ಮಾಡಿ ಮರಾಠಿಯಲ್ಲಿ ಹೇಳಿದ್ದು ಒಂದೇ ಮಾತು: "ಶನಿವಾರೀ ಬಘೂ." ಶನಿವಾರ ನೋಡೋಣ. ಕಾಗದದ ಮೇಲೆ ಚೆನ್ನಾಗಿರುವುದು ಸಭೆಯಲ್ಲಿ ಬೀಳಬಹುದು ಎಂದು ಅವರಿಗೆ ಗೊತ್ತು. ನನಗೂ ಗೊತ್ತು, ಪಾತ್ರೆಯಲ್ಲಿ ರುಚಿಯಿದ್ದದ್ದು ಪಂಕ್ತಿಯಲ್ಲಿ ಸಪ್ಪೆಯಾದದ್ದು ಕಂಡಿದ್ದೇನೆ.

ಶನಿವಾರ ಖಾನಾವಳಿ ಮುಚ್ಚಿ ರೇಣು, ಮಾಂತು, ನಾನು ಸಭಾಂಗಣಕ್ಕೆ ಹೋದೆವು. ನೀಲಿಮಾ ನನ್ನ ಕೈ ಹಿಡಿದು ಕೂತಿದ್ದಳು. ಹಿಟ್ಟು ಕಲಸಿದ ಕೈಯಂತೆ ಒದ್ದೆ. ಫಾರಸಿ ಹಾಡಿದಾಗ ಮುಂದಿನ ಸಾಲಿನ ಒಬ್ಬ ಅಜ್ಜ ಪರದೆ ನೋಡಿ ಕಣ್ಣು ಮುಚ್ಚಿ ಕೈ ಮುಗಿದ. ಅವನ ಪಕ್ಕದ ಹುಡುಗ ಹುಡುಗಿ ಅದೇ ಸಾಲಿಗೆ ಒಬ್ಬರನ್ನೊಬ್ಬರು ನೋಡಿಕೊಂಡರು. ತುರ್ಕಿಯ ಪೊರಕೆಗೆ ಸಭೆ ಮೆಲ್ಲಗೆ ನಕ್ಕಿತು. ಕೊನೆಗೆ ಆ ಗಜಲ್. ಭಾಮಾತಾಯಿ 'ಆಪ್' ಎಂದು ಎಳೆದರು, ಪರದೆಯ ಮೇಲೆ ನೀಲಿಮಾಳ ವಿನಯ ಮೂಡಿತು. ಉರ್ದು ಬಲ್ಲವರೂ ಬರದವರೂ ಒಟ್ಟಿಗೇ ನಕ್ಕು, ವಾಹ್ ವಾಹ್ ಎಂದು ಚಪ್ಪಾಳೆ ಹೊಡೆದರು. ಭಾಮಾತಾಯಿ ಆ ಸಾಲನ್ನು ಮೂರು ಸಲ ಹಾಡಬೇಕಾಯಿತು.

ಮುಗಿದ ಮೇಲೆ ಭಾಮಾತಾಯಿ ನೆಟ್ಟಗೆ ನಮ್ಮ ಹತ್ತಿರ ಬಂದರು, ನೀಲಿಮಾಳ ಕೈಯಲ್ಲಿ ದಪ್ಪ ಕಡತ ಇಟ್ಟರು. "ನಲವತ್ತು ಹಾಡಿವೆ. ಸೊಲ್ಲಾಪುರದ ಕಛೇರಿ ಮುಂದಿನ ತಿಂಗಳು. ಕೆಲಸ ಬಿಡುವುದನ್ನು ಆಫೀಸಿಗೆ ಯಾವಾಗ ತಿಳಿಸುತ್ತೀಯ?"

"ಸೋಮವಾರ," ಅಂದಳು ನೀಲಿಮಾ. ಅಂದವಳೇ ಕಡತ ರೇಣುವಿನ ಕೈಗೆ ಕೊಟ್ಟು, ಅಷ್ಟು ಜನರ ನಡುವೆ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ನನ್ನ ತೂಕ ಎಪ್ಪತ್ತೆಂಟು ಕಿಲೋ.